ಕೂ ಮುಚ್ಚಿದಾಗ ಬರೆದ ವಿದಾಯದ ಪೋಸ್ಟ್: ಅದರಲ್ಲಿ ಪಾಠ ಎಷ್ಟು, ನೆಪ ಎಷ್ಟು?

ತೋಟದಾಚೆ
ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ನನ್ನ ಆ್ಯಪ್ ಮುಚ್ಚುತ್ತಿದ್ದೇನೆ. ಅಡಿಕೆ ಧಾರಣೆ ತಿಳಿಸುವ ಆ್ಯಪ್. ಶಿವಮೊಗ್ಗ, ಸಾಗರ, ಶಿರಸಿ ಮಾರುಕಟ್ಟೆಗಳಲ್ಲಿ ರಾಶಿ, ಬೆಟ್ಟೆ, ಗೊರಬಲು, ಚಾಲಿ ಯಾವ ದರಕ್ಕೆ ಹೋಯಿತು ಅಂತ ಅದೇ ದಿನ ತೋರಿಸುತ್ತಿತ್ತು. ಎರಡೂವರೆ ವರ್ಷ ನಡೆಸಿದೆ. ಇನ್ನು ಆಗುವುದಿಲ್ಲ.

ಲಿಂಕ್ಡ್‌ಇನ್‌ನಲ್ಲಿ ಒಂದು ಪೋಸ್ಟ್ ಬರೆಯಬೇಕು ಅಂತ ಕೂತೆ. ಮಾದರಿಗೆ ಇರಲಿ ಅಂತ, ಟ್ವಿಟರ್ ಥರದ್ದೇ ಭಾರತೀಯ ಭಾಷೆಗಳ ಆ್ಯಪ್ ಆಗಿದ್ದ ಕೂ ಸ್ಥಾಪಕರು, ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವಟ್ಕಾ, 2024ರ ಜುಲೈ 3ರಂದು ಹಾಕಿದ ವಿದಾಯದ ಪೋಸ್ಟ್ ಮತ್ತೆ ತೆಗೆದು ಓದಿದೆ. ಮೊದಲ ಸಲ ಓದಿದಾಗ ಎಷ್ಟು ನೇರವಾಗಿ ಬರೆದಿದ್ದಾರಪ್ಪ ಅನಿಸಿತ್ತು. ಈಗ ನಾನೇ ಅವರ ಜಾಗದಲ್ಲಿ ಕೂತು ಓದಿದರೆ ಬೇರೆ ಥರ ಕಾಣುತ್ತಿದೆ. ಅವರು ಹೇಳಿದ್ದು ಸುಮಾರಾಗಿ ಇಷ್ಟು. ಉತ್ತುಂಗದಲ್ಲಿ ದಿನಕ್ಕೆ 21 ಲಕ್ಷ, ತಿಂಗಳಿಗೆ ಸುಮಾರು 1 ಕೋಟಿ ಜನ ಬಳಸುತ್ತಿದ್ದರು. 2022ರಲ್ಲಿ ಭಾರತದಲ್ಲಿ ಟ್ವಿಟರನ್ನು ದಾಟಲು ಕೆಲವೇ ತಿಂಗಳು ಬಾಕಿ ಇತ್ತು. ಅಷ್ಟರಲ್ಲಿ ಹೂಡಿಕೆಯ ಬರ ಬಂತು. ದೊಡ್ಡ ಕಂಪನಿಗಳ ಜೊತೆ ಮಾತುಕತೆ ಮಾಡಿದೆವು, ಯಾವುದೂ ಕುದುರಲಿಲ್ಲ. ತಂತ್ರಜ್ಞಾನದ ಖರ್ಚು ಜಾಸ್ತಿ. ಮುಚ್ಚುತ್ತಿದ್ದೇವೆ.

ನನ್ನ ಪ್ರಶ್ನೆ: ಇದರಲ್ಲಿ ಪಾಠ ಯಾವುದು, ನೆಪ ಯಾವುದು? ನನ್ನ ಪೋಸ್ಟಿನಲ್ಲೂ ಅದೇ ತಪ್ಪು ಮಾಡಬಾರದು ಅಂತ ಕೇಳುತ್ತಿದ್ದೇನೆ.

ಹುಬ್ಬಳ್ಳಿಹುಡುಗ
ನೆಪ ಅಲ್ಲದೆ ಮತ್ತೇನು. ಸರ್ಕಾರದವರು ಬಂದರು, ಇವರು ಮೇಲೆ ಹೋದರು. ಸರ್ಕಾರದವರು ವಾಪಸ್ ಟ್ವಿಟರ್‌ಗೆ ಹೋದರು, ಇವರು ಕೆಳಗೆ ಬಂದರು. ಕತೆ ಇಷ್ಟೇ. ಇದಕ್ಕೆ ಅಷ್ಟುದ್ದ ಪೋಸ್ಟ್ ಯಾಕೆ?

ಬಸವನಗುಡಿ_ಬೈಟು
ಕೂ ಮೊದಲು ಶುರುವಾಗಿದ್ದೇ ಕನ್ನಡದಲ್ಲಿ. 2020ರ ಮಾರ್ಚ್. ಹಿಂದಿ, ತಮಿಳು, ತೆಲುಗು ಎಲ್ಲ ಆಮೇಲೆ. ನಮ್ಮ ಭಾಷೆಗೆ ಮೊದಲ ಸಾಲಿನ ಕುರ್ಚಿ ಸಿಕ್ಕಿದ್ದು ಎಷ್ಟು ಸಲ ಹೇಳಿ? ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡೋಣ.

ಹುಬ್ಬಳ್ಳಿಹುಡುಗ
ಮರ್ಯಾದೆ ಬೇರೆ, ಲೆಕ್ಕ ಬೇರೆ ಗುರುವೇ.

ಲೆಕ್ಕದಪುಸ್ತಕ
ಹುಬ್ಬಳ್ಳಿಯವರು ಹೇಳಿದ್ದು ಅರ್ಧ ಸರಿ. 2021ರ ಫೆಬ್ರವರಿಯಲ್ಲಿ ರೈತರ ಹೋರಾಟದ ಖಾತೆಗಳನ್ನು ತಡೆಯುವ ವಿಚಾರಕ್ಕೆ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿ ಆಯಿತು. ಮಂತ್ರಿಗಳು, ಇಲಾಖೆಗಳು ಕೂಗೆ ಬಂದರು. ಡೌನ್‌ಲೋಡ್ ಏರಿತು. ಅದೇ ತಿಂಗಳು 41 ಲಕ್ಷ ಡಾಲರ್, ಮೇ ತಿಂಗಳಲ್ಲಿ ಟೈಗರ್ ಗ್ಲೋಬಲ್ ಮುಂದಾಳತ್ವದಲ್ಲಿ 3 ಕೋಟಿ ಡಾಲರ್ ಹೂಡಿಕೆ ಬಂತು. ಜಗಳದಿಂದ ಬಂದ ಜನ ಅಂತ ಹೇಳಬಹುದು. ಆದರೆ ಅವರು ಹೇಳುವ ಉತ್ತುಂಗ 2022ರದ್ದು. ಜಗಳವಾಗಿ ಒಂದು ವರ್ಷದ ಮೇಲೆ. ಮಂತ್ರಿಗಳು ಮಾತ್ರ ಕಾರಣ ಆಗಿದ್ದರೆ ಅಲ್ಲಿಯವರೆಗೆ ಏರುತ್ತಾ ಇರುತ್ತಿರಲಿಲ್ಲ.

ತೋಟದಾಚೆ ಅವರೇ, ಪೋಸ್ಟಿನಲ್ಲಿ ಸುಳ್ಳು ಹುಡುಕಬೇಡಿ. ಸುಳ್ಳು ಇಲ್ಲ ಅಂತಲೇ ಇಟ್ಟುಕೊಳ್ಳಿ. ಯಾವ ಅಂಕಿ ಹೇಳಿದ್ದಾರೆ, ಯಾವುದನ್ನು ಹೇಳಿಲ್ಲ ಅಂತ ನೋಡಿ. ಬಳಕೆದಾರರು ಎಷ್ಟು ಅಂತ ಇದೆ. 9,000ಕ್ಕೂ ಜಾಸ್ತಿ ಗಣ್ಯರು ಇದ್ದರು ಅಂತ ಇದೆ. ಲೈಕ್ ಬೀಳುವ ಪ್ರಮಾಣ ಟ್ವಿಟರ್‌ಗಿಂತ 7ರಿಂದ 10 ಪಟ್ಟು ಅಂತ ಇದೆ. ಒಬ್ಬ ಬಳಕೆದಾರನಿಂದ ವರ್ಷಕ್ಕೆ ಎಷ್ಟು ರೂಪಾಯಿ ಬಂತು, ಅವನನ್ನು ಇಟ್ಟುಕೊಳ್ಳಲು ಎಷ್ಟು ಹೋಯಿತು ಅನ್ನುವುದು ಇಲ್ಲ.

ನಿವೃತ್ತ_ಮ್ಯಾನೇಜರ್
ಲಿಂಕ್ಡ್‌ಇನ್ ಖಾತೆ ಮುಚ್ಚುವುದು ಬಹಳ ಸುಲಭ. ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿ ಖಾತೆ ಅನ್ನುವ ಭಾಗ ಇದೆ. ನನ್ನ ಮಗ ತೋರಿಸಿಕೊಟ್ಟ. ವಿದಾಯದ ಪೋಸ್ಟ್ ಹಾಕುವ ಅಗತ್ಯವೇ ಇಲ್ಲ.

ಬಸವನಗುಡಿ_ಬೈಟು
ಸರ್, ಅವರು ಮುಚ್ಚುತ್ತಿರುವುದು ಆ್ಯಪ್. ಲಿಂಕ್ಡ್‌ಇನ್ ಖಾತೆ ಅಲ್ಲ 😀

ನಿವೃತ್ತ_ಮ್ಯಾನೇಜರ್
ಹಾಗಾ. ಕ್ಷಮಿಸಿ. ಅಡಿಕೆ ಈಗ ಏನು ನಡೀತಿದೆ?

ತೋಟದಾಚೆ
ಸರ್, ಆ್ಯಪ್ ಇನ್ನೂ ಮೂರು ವಾರ ನಡೆಯುತ್ತದೆ, ಅಲ್ಲೇ ನೋಡಿ. ಒಬ್ಬ ಬಳಕೆದಾರನಾದರೂ ಹೆಚ್ಚಾಗಲಿ.

ಲೆಕ್ಕದಪುಸ್ತಕ ಅವರೇ, ಆ ಲೆಕ್ಕ ಸ್ವಲ್ಪ ಬಿಡಿಸಿ ಹೇಳ್ತೀರಾ? ಲೈಕ್ ಜಾಸ್ತಿ ಅಂದರೆ ಜನ ಜಾಸ್ತಿ ತೊಡಗಿದ್ದಾರೆ ಅಂತ ತಾನೆ? ಅದು ಒಳ್ಳೆಯದೇ ಅಲ್ವಾ?

ಲೆಕ್ಕದಪುಸ್ತಕ
ಲೈಕ್ ವಿಷಯ ಮೊದಲು. ಸಣ್ಣ ಊರಿನ ಸಂತೆಯಲ್ಲಿ ಎಲ್ಲರೂ ಎಲ್ಲರಿಗೂ ನಮಸ್ಕಾರ ಹೇಳುತ್ತಾರೆ, ಮೆಜೆಸ್ಟಿಕ್‌ನಲ್ಲಿ ಯಾರೂ ಹೇಳುವುದಿಲ್ಲ. ಹಾಗಂತ ಸಣ್ಣ ಸಂತೆಯಲ್ಲಿ ವ್ಯಾಪಾರ ಜಾಸ್ತಿ ಅಂತಲ್ಲ. ಆ್ಯಪ್ ಚಿಕ್ಕದಿದ್ದಾಗ ಲೈಕಿನ ಪ್ರಮಾಣ ಜಾಸ್ತಿಯೇ ಇರುತ್ತದೆ. ಅದು ದೊಡ್ಡ ಟ್ವಿಟರ್ ಜೊತೆ ಹೋಲಿಸುವ ಅಂಕಿ ಅಲ್ಲ.

ಈಗ ದುಡ್ಡು. 2021-22ರ ಹಣಕಾಸು ವರ್ಷದಲ್ಲಿ ಕಂಪನಿಯ ನಷ್ಟ 197 ಕೋಟಿ ರೂಪಾಯಿ, ವ್ಯವಹಾರದಿಂದ ಬಂದ ಆದಾಯ 14 ಲಕ್ಷ. ಆಗ ಅವರು ಆದಾಯದ ಹಿಂದೆ ಬಿದ್ದಿರಲಿಲ್ಲ, ಬೆಳೆಸುವುದಷ್ಟೇ ನೋಡುತ್ತಿದ್ದರು. ಹಾಗಾಗಿ 14 ಲಕ್ಷ ಅಂತ ನಗುವುದು ಬೇಡ. ಬೇರೆ ಥರ ನೋಡೋಣ. ಉತ್ತುಂಗದಲ್ಲೇ ಜಾಹೀರಾತು ತುಂಬಿಸಿದ್ದರೆ ಎಷ್ಟು ಬರುತ್ತಿತ್ತು?

ದಿನಕ್ಕೆ 21 ಲಕ್ಷ ಜನ. ಒಬ್ಬೊಬ್ಬರಿಗೂ ದಿನಕ್ಕೆ 10 ಜಾಹೀರಾತು ತೋರಿಸಿದರು ಅಂತಿಟ್ಟುಕೊಳ್ಳಿ. ಜನ ಓಡಿಹೋಗದೆ ಇದ್ದರೆ ಅದೇ ದೊಡ್ಡದು. ಒಟ್ಟು 2 ಕೋಟಿ 10 ಲಕ್ಷ ಸಲ ಜಾಹೀರಾತು ಕಾಣಿಸಿತು. ಸಾವಿರ ಸಲ ತೋರಿಸಿದ್ದಕ್ಕೆ 20 ರೂಪಾಯಿ ಸಿಕ್ಕಿತು ಅಂದುಕೊಳ್ಳಿ. ಇದು ನನ್ನ ಅಂದಾಜು, ಅವರ ಅಂಕಿ ಅಲ್ಲ. ದಿನಕ್ಕೆ 4 ಲಕ್ಷ 20 ಸಾವಿರ. ವರ್ಷಕ್ಕೆ ಹೆಚ್ಚುಕಮ್ಮಿ 15 ಕೋಟಿ. ದರ ಎರಡು ಪಟ್ಟು ಮಾಡಿದರೂ 30 ಕೋಟಿ. ಆ ವರ್ಷದ ನಷ್ಟದ ಪಕ್ಕದಲ್ಲಿ ಇಟ್ಟು ನೋಡಿ.

ಅಂದರೆ ಆ ಎರಡು ಪಟ್ಟು ದರದಲ್ಲೂ ಬಳಕೆದಾರರು ಆರೇಳು ಪಟ್ಟು ಆಗಬೇಕಿತ್ತು, ಅದೂ ಖರ್ಚು ಬೆಳೆಯದೆ. ಹೂಡಿಕೆಯ ಬರ ಬಂದಿದ್ದು ನಿಜ. 2022ರ ಮಾರ್ಚ್‌ನಿಂದ ಅಮೆರಿಕದಲ್ಲಿ ಬಡ್ಡಿ ಏರಲು ಶುರುವಾಯಿತು, ಎಲ್ಲರೂ ಕೈ ಹಿಂದೆ ತೆಗೆದರು. ಆದರೆ ಬರ ಬಂದಾಗ ಮೊದಲು ಒಣಗುವುದು ಬೋರ್‌ವೆಲ್ ಇಲ್ಲದ ತೋಟ. ಪೋಸ್ಟಿನಲ್ಲಿ ಬರದ ಮಾತಿದೆ, ಬೋರ್‌ವೆಲ್ ಮಾತಿಲ್ಲ.

ಟೊರಾಂಟೊದಿಂದ
ಒಂದು ತಕರಾರು. ಟ್ವಿಟರ್ ಶುರುವಾಗಿದ್ದು 2006. ಮೊದಲ ಸಲ ಇಡೀ ವರ್ಷ ಲಾಭ ಮಾಡಿದ್ದು 2018ರಲ್ಲಿ. ಹನ್ನೆರಡು ವರ್ಷ! ಕೂ ಸ್ಥಾಪಕರು ಇಂಥ ಕಂಪನಿ ಕಟ್ಟಲು ಐದಾರು ವರ್ಷ ತಾಳ್ಮೆಯ ಹಣ ಬೇಕು ಅಂದಿದ್ದರಲ್ಲ, ಆ ಲೆಕ್ಕದಲ್ಲಿ ಅವರು ಕಡಿಮೆಯೇ ಕೇಳಿದ್ದಾರೆ. ಆವತ್ತು ಟ್ವಿಟರ್‌ಗೂ ನೀವು ಇದೇ ಲೆಕ್ಕ ಹಾಕಿದ್ದರೆ 2010ರಲ್ಲೇ ಬಾಗಿಲು ಹಾಕಿಸುತ್ತಿದ್ದಿರಿ.

ಲೆಕ್ಕದಪುಸ್ತಕ
ಒಪ್ಪುತ್ತೇನೆ, ತಾಳ್ಮೆಯ ಹಣದ ಮಾತು ಪೊಳ್ಳಲ್ಲ. ಆದರೆ ಟ್ವಿಟರ್ ಹಣ ದುಡಿದಿದ್ದು ಅಮೆರಿಕದ ಜಾಹೀರಾತಿನಲ್ಲಿ. ಭಾರತದಲ್ಲಿ ಟ್ವಿಟರ್ ಎಷ್ಟು ದೊಡ್ಡದು? 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವೇ ಕೊಟ್ಟ ಅಂಕಿ: ವಾಟ್ಸಾಪ್ 53 ಕೋಟಿ, ಯೂಟ್ಯೂಬ್ 44.8 ಕೋಟಿ, ಫೇಸ್‌ಬುಕ್ 41 ಕೋಟಿ, ಇನ್‌ಸ್ಟಾಗ್ರಾಂ 21 ಕೋಟಿ. ಟ್ವಿಟರ್ 1.75 ಕೋಟಿ. ಸೊನ್ನೆ ಬಿಟ್ಟುಹೋಗಿಲ್ಲ, ಅಷ್ಟೇ.

ಹಾಗಾಗಿ ‘ಟ್ವಿಟರನ್ನು ದಾಟಲು ಕೆಲವೇ ತಿಂಗಳಿತ್ತು’ ಅನ್ನುವುದು ನಿಜವೇ ಇದ್ದರೂ, ದಾಟಿದ ಮೇಲೆ ಸಿಗುವುದು ಏನು? ಟ್ವಿಟರ್‌ನಲ್ಲಿ ಕಮ್ಮಿ ಜನ, ಆದರೆ ಪತ್ರಕರ್ತರು, ರಾಜಕಾರಣಿಗಳು ಇದ್ದಾರೆ. ಗದ್ದಲ ಜಾಸ್ತಿ, ಅದಕ್ಕೇ ದೊಡ್ಡದಾಗಿ ಕಾಣುತ್ತದೆ. ಪೋಸ್ಟಿನಲ್ಲಿ ನನಗೆ ತುಂಬಾ ಕೊರತೆ ಅನಿಸಿದ್ದು ಇದೇ. ನಾವು ಹಿಡಿಯಲು ಹೊರಟ ಮೀನೇ ಸಣ್ಣದಿತ್ತು ಅನ್ನುವ ಒಂದು ಸಾಲು.

ಟೊರಾಂಟೊದಿಂದ
ಇಂಗ್ಲಿಷ್ ಬಾರದವರಿಗೆ ಟ್ವಿಟರ್ ಅಂಥದ್ದು ಇರಲಿಲ್ಲ, ಅದಕ್ಕೇ ಸಂಖ್ಯೆ ಚಿಕ್ಕದು ಅಂತ ಅವರ ವಾದ. ಆ ವಾದ ಸೋತಿತು ಅಂತ ನೀವು ಹೇಗೆ ಹೇಳುತ್ತೀರಿ? ಹಣ ಮುಗಿಯಿತು ಅಷ್ಟೇ. ನಾನು ಒಪ್ಪಿಲ್ಲ.

ಬಸವನಗುಡಿ_ಬೈಟು
ನಾನು ಅಲ್ಲಿ ಎರಡು ವರ್ಷ ಕನ್ನಡದಲ್ಲಿ ಬರೆದವನು. ಆ ವಾದದ ಬಗ್ಗೆ ನನಗೆ ಕಂಡಿದ್ದು ಹೇಳುತ್ತೇನೆ. ಒಳಗೆ ಹೋದ ತಕ್ಷಣ ಭಾಷೆ ಆರಿಸಬೇಕು. ಕನ್ನಡ ಒತ್ತಿದರೆ ಕನ್ನಡದ್ದೇ ಒಂದು ಓಣಿ. ಬೆಳಿಗ್ಗೆ ಶುಭೋದಯದ ಚಿತ್ರ, ಹಬ್ಬಕ್ಕೆ ಹಬ್ಬದ ಚಿತ್ರ, ಕ್ರಿಕೆಟ್ ಇದ್ದರೆ ಸ್ವಲ್ಪ ಗಲಾಟೆ. ಅನಿಲ್ ಕುಂಬ್ಳೆ ಇದ್ದರು. ಜಾವಗಲ್ ಶ್ರೀನಾಥ್ ಅಂತೂ ಷೇರನ್ನೇ ಕೊಂಡಿದ್ದರು. ಆದರೆ ನನ್ನ ಪಕ್ಕದ ಮನೆಯವರು ಇರಲಿಲ್ಲ. ನಮ್ಮ ಕಚೇರಿಯವರು ಇರಲಿಲ್ಲ. ನಾನು ಏನಾದರೂ ಬರೆದರೆ ಉತ್ತರ ಕೊಡುತ್ತಿದ್ದವರು ಅದೇ ಎಂಟು ಹತ್ತು ಜನ.

ಹತ್ತು ಭಾಷೆ ಅಂದರೆ ಒಂದು ಊರಲ್ಲ, ಹತ್ತು ಊರು. ಪ್ರತಿ ಊರಿಗೂ ಬೇರೆ ಬೇರೆಯಾಗಿ ಜನ ತುಂಬಬೇಕು. ಒಂದು ಭಾಷೆಯಲ್ಲಿ ಬರೆದದ್ದನ್ನು ಬೇರೆ ಭಾಷೆಗೂ ತಿರುಗಿಸಿ ಹಾಕುವ ಸೌಲಭ್ಯ ಕೊಟ್ಟರು, ಅದು ಗಣ್ಯರಿಗೆ ಉಪಯೋಗ ಆಯಿತು. ನನ್ನಂಥವನಿಗೆ ಅಲ್ಲ.

ಹುಬ್ಬಳ್ಳಿಹುಡುಗ
ಅದಕ್ಕೇ ಕನ್ನಡದಲ್ಲಿ ಗಟ್ಟಿಯಾಗಿ ನಿಂತು ಆಮೇಲೆ ಬೇರೆ ಕಡೆ ಹೋಗಬೇಕಿತ್ತು. ಅದು ಬಿಟ್ಟು ನೈಜೀರಿಯಾಕ್ಕೆ ಹೋದರು! ಬ್ರೆಜಿಲ್‌ಗೆ ಹೋದರು!

ಲೆಕ್ಕದಪುಸ್ತಕ
ನೈಜೀರಿಯಾ ಕತೆ ನಿಜಕ್ಕೂ ಕಲಿಯುವಂಥದ್ದು. 2021ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ಟ್ವಿಟರ್ ನಿಷೇಧಿಸಿತು. ಕೂ ಕೂಡಲೇ ಒಳಗೆ ಹೋಯಿತು, ಅಲ್ಲಿನ ಸರ್ಕಾರವೂ ಖಾತೆ ತೆರೆಯಿತು. 2022ರ ಜನವರಿಯಲ್ಲಿ ನಿಷೇಧ ತೆಗೆದರು. ಏಳು ತಿಂಗಳ ಅಂಗಡಿ. 2021ರ ಫೆಬ್ರವರಿಯಲ್ಲಿ ದೆಹಲಿ ಜಗಳ, ಜೂನ್‌ನಲ್ಲಿ ನೈಜೀರಿಯಾ ಜಗಳ, ಮಸ್ಕ್ ಟ್ವಿಟರ್ ಕೊಂಡ ಮೇಲಿನ ಗಲಾಟೆಯಲ್ಲಿ 2022ರ ನವೆಂಬರ್‌ನಲ್ಲಿ ಬ್ರೆಜಿಲ್. ಮೂರು ಸಲವೂ ಜನ ಬಂದಿದ್ದು ಪಕ್ಕದ ಮನೆಯಲ್ಲಿ ಜಗಳ ಆಯಿತು ಅಂತ. ಜಗಳ ಮುಗಿದರೆ ವಾಪಸ್ ಹೋಗುತ್ತಾರೆ.

ಬಸವನಗುಡಿ_ಬೈಟು
ಬ್ರೆಜಿಲ್‌ನಲ್ಲಿ ಆ ಹೆಸರಿಗೆ ಪೋರ್ಚುಗೀಸ್ ಭಾಷೆಯಲ್ಲಿ ಏನರ್ಥ ಅಂತ ಗೊತ್ತಾ? ಇಲ್ಲಿ ಹಿರಿಯರಿದ್ದಾರೆ, ಬರೆಯಲ್ಲ. ಕೂರುವಾಗ ಕೆಳಗೆ ಬರುವ ಭಾಗ ಅಂದುಕೊಳ್ಳಿ. ಆ ತಮಾಷೆಗೇ 48 ಗಂಟೆಯಲ್ಲಿ 10 ಲಕ್ಷ ಡೌನ್‌ಲೋಡ್.

ಟೊರಾಂಟೊದಿಂದ
ಕನ್ನಡದಲ್ಲಿ ಮಾತ್ರ ಚಂದದ ಹೆಸರು. ಚಿಕ್ಕವರಿದ್ದಾಗ ಕಣ್ಣಾಮುಚ್ಚಾಲೆಯಲ್ಲಿ ಬಚ್ಚಿಟ್ಟುಕೊಂಡು ‘ಕೂ’ ಅನ್ನುತ್ತಿದ್ದೆವು.

ನಿವೃತ್ತ_ಮ್ಯಾನೇಜರ್
ರೈಲೂ ಕೂ ಅನ್ನುತ್ತಿತ್ತು. ಈಗಿನ ರೈಲು ಭೋಂ ಅನ್ನುತ್ತದೆ.

ಶಾರದಕ್ಕ_ದಾವಣಗೆರೆ
ನನ್ನದೊಂದು ಸಂಕಟ ಹೇಳಿಕೊಳ್ಳಲಾ? ಕೂ ಅಲ್ಲ, ಬೇರೊಂದು ಬರೆಯುವ ಆ್ಯಪ್, ಹೆಸರು ಬೇಡ. ಅದರಲ್ಲಿ ನನ್ನ 340 ಚುಟುಕ ಇದ್ದವು. ಅಡುಗೆಮನೆಯಲ್ಲಿ ನಿಂತು, ಕುಕ್ಕರ್ ಕೂಗುವುದರೊಳಗೆ ಬರೆದವು. ಒಂದು ದಿನ ತೆರೆದರೆ ಬರೀ ಬಿಳಿ ಪರದೆ. ಆಮೇಲೆ ನೋಡಿದರೆ ಸ್ಥಾಪಕರು ಲಿಂಕ್ಡ್‌ಇನ್‌ನಲ್ಲಿ ಉದ್ದನೆಯ ಪೋಸ್ಟ್ ಬರೆದಿದ್ದರಂತೆ, ಕಲಿತ ಹತ್ತು ಪಾಠ ಅಂತ. ನಾನು ಲಿಂಕ್ಡ್‌ಇನ್‌ನಲ್ಲಿ ಇಲ್ಲ. ನಮ್ಮಂಥವರು ಯಾರೂ ಅಲ್ಲಿಲ್ಲ. ಹೂಡಿಕೆ ಹಾಕಿದವರಿಗೆ ಹೇಳಿದರು, ಬರೆದವರಿಗೆ ಹೇಳಲಿಲ್ಲ. ಅದನ್ನು ವಾಪಸ್ ಪಡೆಯಲು ದಾರಿ ಇದೆಯಾ ಯಾರಾದರೂ ಹೇಳಿ.

ಲೆಕ್ಕದಪುಸ್ತಕ
ಅಕ್ಕಾ, ಅವರು ಸರ್ವರ್ ಬಂದ್ ಮಾಡಿ ಎಷ್ಟು ದಿನ ಆಯಿತು? ನೀವು ನೋಂದಾಯಿಸಿದ ಇಮೇಲ್‌ನಿಂದಲೇ ಕಂಪನಿಯ ಇಮೇಲ್‌ಗೆ ಬರೆದು ಕೇಳಿ. ಮುಚ್ಚಿದ ಮೇಲೂ ಕೆಲವರು ಒಂದು ಪ್ರತಿ ತೆಗೆದಿಟ್ಟಿರುತ್ತಾರೆ. ಸಿಗುತ್ತದೆ ಅಂತ ಭರವಸೆ ಕೊಡಲಾರೆ.

ಶಾರದಕ್ಕ_ದಾವಣಗೆರೆ
ಏಳು ತಿಂಗಳಾಯಿತಪ್ಪಾ. ಇಮೇಲ್ ಹಾಕಿ ನೋಡುತ್ತೇನೆ.

ತೋಟದಾಚೆ
ಅಕ್ಕಾ, ನೀವು ಹೇಳಿದ್ದು ನನಗೆ ಚುಚ್ಚಿತು. ನಾನೂ ಮೊದಲು ಲಿಂಕ್ಡ್‌ಇನ್ ಪೋಸ್ಟ್ ಬರೆಯಲು ಕೂತಿದ್ದು. ಆ್ಯಪಿನೊಳಗೆ ಸೂಚನೆ ಇನ್ನೂ ಹಾಕಿಲ್ಲ. ಇವತ್ತೇ ಹಾಕುತ್ತೇನೆ.

ರಾತ್ರಿಪಾಳಿ
ತಡವಾಗಿ ಬಂದೆ. ದೊಡ್ಡ ಕಂಪನಿಗಳು ಕೂ ಕೊಳ್ಳಲಿಲ್ಲ ಅನ್ನುವ ಭಾಗದ ಬಗ್ಗೆ ಯಾರೂ ಮಾತಾಡಿಲ್ಲ. ಜನರೇ ಬರೆದು ಹಾಕುವ ವಿಷಯ, ಅದರ ಕಾಡುಸ್ವಭಾವ, ಇವೆರಡಕ್ಕೆ ಹೆದರಿ ಹಿಂದೆ ಸರಿದರು ಅಂತ ಪೋಸ್ಟಿನಲ್ಲಿದೆ. ಇಡೀ ಪೋಸ್ಟಿನಲ್ಲಿ ನನಗೆ ಅತಿ ಪ್ರಾಮಾಣಿಕ ಅನಿಸಿದ ಸಾಲು ಅದು.

ನಾನು ಬೇರೊಂದು ಸಾಮಾಜಿಕ ಜಾಲತಾಣಕ್ಕೆ ಕನ್ನಡದ ಪೋಸ್ಟ್‌ಗಳನ್ನು ಪರಿಶೀಲಿಸುವ ಕೆಲಸ ಮಾಡಿದವನು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳು. ದೂರು ಬಂದ ಪೋಸ್ಟ್ ಒಂದೊಂದಾಗಿ ಪರದೆ ಮೇಲೆ ಬರುತ್ತದೆ, ಇಡಬೇಕಾ ತೆಗೆಯಬೇಕಾ ಒತ್ತಬೇಕು. ಯಂತ್ರಕ್ಕೆ ಬೈಗುಳದ ಪಟ್ಟಿ ಕೊಟ್ಟಿರುತ್ತಾರೆ. ಆದರೆ ಮಂಡ್ಯದವರು ಗೆಳೆಯನಿಗೆ ಪ್ರೀತಿಯಿಂದ ಹೇಳುವ ಮಾತು ಬೇರೆ ಊರಿನಲ್ಲಿ ಕೇಸು ಹಾಕುವ ಬೈಗುಳ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಯಂತ್ರ ಸುಸ್ತು. ಜಾತಿ ಬೈಗುಳವನ್ನು ಗಾದೆಯೊಳಗೆ ಇಟ್ಟರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಆ ಭಾಷೆಯ, ಆ ಸೀಮೆಯ ಮನುಷ್ಯರೇ ಬೇಕು, ಮೂರೂ ಪಾಳಿಗೆ. ಹತ್ತು ಭಾಷೆ ಅಂದರೆ ಹತ್ತು ತಂಡ.

ಮೇಲಿಂದ 2021ರ ಫೆಬ್ರವರಿಯ ಐಟಿ ನಿಯಮಗಳು. ನೋಂದಾಯಿತ ಬಳಕೆದಾರರು 50 ಲಕ್ಷ ದಾಟಿದರೆ ಅನುಸರಣೆಗೆ ಒಬ್ಬ ಅಧಿಕಾರಿ, ದೂರಿಗೆ ಒಬ್ಬರು, ಪೊಲೀಸರ ಜೊತೆ ಮಾತಾಡಲು ಒಬ್ಬರು, ಮೂವರೂ ಭಾರತದಲ್ಲೇ ಇರಬೇಕು. ಸರ್ಕಾರದ ಅಥವಾ ಕೋರ್ಟಿನ ಆದೇಶ ಬಂದರೆ ಆಗ 36 ಗಂಟೆಯಲ್ಲಿ ತೆಗೆಯಬೇಕಿತ್ತು. ಕರ್ತವ್ಯದಲ್ಲಿ ತಪ್ಪಿದರೆ ಆ ಅನುಸರಣೆ ಅಧಿಕಾರಿಯ ತಲೆಗೇ ಬರಬಹುದು. ಈಗ ನೀವು ಒಂದು ಮಾಧ್ಯಮ ಸಂಸ್ಥೆಯ ಮಾಲೀಕರು ಅಂದುಕೊಳ್ಳಿ. ವರ್ಷಕ್ಕೆ ಕೋಟಿಗಟ್ಟಲೆ ನಷ್ಟದ ಜೊತೆ ಈ ತಲೆನೋವನ್ನೂ ದುಡ್ಡು ಕೊಟ್ಟು ಕೊಳ್ಳುತ್ತೀರಾ?

ಹುಬ್ಬಳ್ಳಿಹುಡುಗ
ಇದು ನನಗೆ ಹೊಳೆದಿರಲಿಲ್ಲ. ಜನ ಜಾಸ್ತಿ ಇದ್ದಷ್ಟೂ ಬೆಲೆ ಜಾಸ್ತಿ ಅಂದುಕೊಂಡಿದ್ದೆ.

ರಾತ್ರಿಪಾಳಿ
ಜಗಳ ಆಡುವ ಜನ ಆದರೆ ಬೆಲೆ ಕಮ್ಮಿ 🙂

ತೋಟದಾಚೆ
ಇಷ್ಟು ಓದಿ ನನ್ನ ಕರಡು ಬರೆದಿದ್ದೇನೆ. ಬೈಯಿರಿ.

“ಎರಡೂವರೆ ವರ್ಷದ ಸುಂದರ ಪಯಣ ಇಂದು ಮುಗಿಯುತ್ತಿದೆ. 11,000 ಅಡಿಕೆ ಬೆಳೆಗಾರರ ವಿಶ್ವಾಸ ಗಳಿಸಿದೆವು. ಹೂಡಿಕೆ ವಾತಾವರಣ ಅನುಕೂಲವಾಗಿರಲಿಲ್ಲ. ಗ್ರಾಮೀಣ ಭಾಗದಲ್ಲಿ ಹಣ ಕೊಟ್ಟು ಆ್ಯಪ್ ಬಳಸುವ ರೂಢಿ ಇನ್ನೂ ಬಂದಿಲ್ಲ. ನಾವು ಕಾಲಕ್ಕಿಂತ ಮುಂದಿದ್ದೆವು.”

ಲೆಕ್ಕದಪುಸ್ತಕ
ಬೈಯಲ್ಲ, ಕೇಳುತ್ತೇನೆ. 11,000 ಅಂದರೆ ಡೌನ್‌ಲೋಡಾ? ದಿನಾ ತೆರೆಯುವವರು ಎಷ್ಟು? ದುಡ್ಡು ಕೊಟ್ಟವರು ಎಷ್ಟು? ಕೂ ಕೂಡ 2022ರ ನವೆಂಬರ್‌ನಲ್ಲಿ 5 ಕೋಟಿ ಡೌನ್‌ಲೋಡ್ ಅಂತ ಹೇಳಿತ್ತು. ಉತ್ತುಂಗದಲ್ಲಿ ದಿನಕ್ಕೆ ಬಂದವರು 21 ಲಕ್ಷ. ನೂರಕ್ಕೆ ನಾಲ್ಕು. ಆ ನಾಲ್ಕು ನಿಮ್ಮಲ್ಲಿ ಎಷ್ಟು?

ತೋಟದಾಚೆ
11,400 ಡೌನ್‌ಲೋಡ್. ದಿನಾ 600 ಜನ, ಸುಗ್ಗಿ ಟೈಮಲ್ಲಿ ಸಾವಿರ. ವರ್ಷಕ್ಕೆ 299 ರೂಪಾಯಿ ಕೊಟ್ಟವರು 73 ಜನ. ಒಟ್ಟು 21,827 ರೂಪಾಯಿ. ಮಂಡಿಗೆ ಹೋಗಿ ದರ ಬರೆದುಕೊಂಡು ಬರುವ ಇಬ್ಬರು ಹುಡುಗರಿಗೆ ತಿಂಗಳಿಗೇ 18,000 ಹೋಗುತ್ತಿತ್ತು. ಬರೆದು ನೋಡಿದರೆ ನಾಚಿಕೆ ಆಗುತ್ತಿದೆ.

ಹುಬ್ಬಳ್ಳಿಹುಡುಗ
ಸರ್ಕಾರದ ಕೃಷಿ ಮಾರಾಟ ವಾಹಿನಿಯಲ್ಲಿ ದರ ಬಿಟ್ಟಿ ಸಿಗುತ್ತದಲ್ಲ. ಪೇಪರ್‌ನಲ್ಲೂ ಬರುತ್ತದೆ. ಅದಕ್ಕೇ 299 ಯಾರು ಕೊಡ್ತಾರೆ?

ತೋಟದಾಚೆ
ನಾನೂ ಅದೇ ಅಂದುಕೊಂಡಿದ್ದೆ. ಅದಕ್ಕೇ ಅವರಿಗಿಂತ ಬೇಗ, ಮಧ್ಯಾಹ್ನವೇ ದರ ಹಾಕುತ್ತಿದ್ದೆ. ಆದರೂ ನವೀಕರಿಸಲಿಲ್ಲ. ಹೋದ ತಿಂಗಳು ದುಡ್ಡು ಕೊಟ್ಟು ಬಿಟ್ಟುಹೋದ 40 ಜನಕ್ಕೆ ಫೋನ್ ಮಾಡಿದೆ. ಮೊದಲ ಹತ್ತು ಜನರಲ್ಲಿ ಒಂಬತ್ತು ಜನ ‘ಚೆನ್ನಾಗಿತ್ತು, ಮಾಡ್ತೀನಿ ಮಾಡ್ತೀನಿ’ ಅಂದರು. ಮರ್ಯಾದಸ್ಥರು. ತೀರ್ಥಹಳ್ಳಿ ಕಡೆಯ ಒಬ್ಬರು ಮಾತ್ರ ನೇರವಾಗಿ ಹೇಳಿದರು. “ತಮ್ಮಾ, ದರ ಗೊತ್ತಾಗಿ ಏನು ಮಾಡಲಿ? ಮಳೆಗಾಲದಲ್ಲಿ ಮಗಳ ಫೀಸಿಗೆ ಮಂಡಿ ಸಾಹುಕಾರರ ಹತ್ತಿರ ಎರಡು ಲಕ್ಷ ಮುಂಗಡ ತಗೊಂಡಿದೀನಿ. ಅಡಿಕೆ ಅಲ್ಲಿಗೇ ಹಾಕಬೇಕು. ಶಿರಸಿಯಲ್ಲಿ ಸಾವಿರ ಜಾಸ್ತಿ ಇದೆ ಅಂತ ನಿನ್ನ ಆ್ಯಪ್ ತೋರಿಸಿದರೆ ಹೊಟ್ಟೆ ಉರಿಯೋದು ಬಿಟ್ಟು ಬೇರೆ ಏನೂ ಆಗಲ್ಲ.”

ಆಮೇಲೆ ಉಳಿದವರಿಗೆ ಪ್ರಶ್ನೆ ಬದಲಾಯಿಸಿದೆ. ‘ಆ್ಯಪ್ ಹೇಗಿತ್ತು’ ಅಂತ ಕೇಳಲಿಲ್ಲ. ‘ಕಳೆದ ಸಲ ಅಡಿಕೆ ಎಲ್ಲಿ ಕೊಟ್ಟಿರಿ, ಯಾಕೆ ಆವತ್ತೇ ಕೊಟ್ಟಿರಿ’ ಅಂತ ಕೇಳಿದೆ. 30ರಲ್ಲಿ 22 ಜನ ಮುಂಗಡ ತಗೊಂಡ ಮಂಡಿಗೇ ಕೊಟ್ಟಿದ್ದರು. ನಾಲ್ಕು ಜನ ಮದುವೆ, ಆಸ್ಪತ್ರೆ ಅಂತ ದುಡ್ಡು ಬೇಕಾದ ದಿನ ಕೊಟ್ಟಿದ್ದರು. ದರ ನೋಡಿ ದಿನ ಆರಿಸಿದವರು ಉಳಿದ ನಾಲ್ಕೇ ಜನ. ಅವರು ದೊಡ್ಡ ತೋಟದವರು, ಅವರಿಗೆ ಮಂಡಿಯಿಂದಲೇ ಫೋನ್ ಬರುತ್ತದೆ.

ಟೊರಾಂಟೊದಿಂದ
ಇದನ್ನು ಬಿಟ್ಟು ‘ಸುಂದರ ಪಯಣ’ ಅಂತ ಬರೆದಿದ್ದೀರಲ್ರೀ!

ಲೆಕ್ಕದಪುಸ್ತಕ
ಇದೇ ನಿಮ್ಮ ಪೋಸ್ಟ್. ಬೇರೇನೂ ಬೇಡ. ಹಳ್ಳಿಯವರಿಗೆ ರೂಢಿ ಇಲ್ಲ ಅನ್ನುವ ಸಾಲು ತೆಗೆಯಿರಿ, ಅದು ಸುಳ್ಳು ಅಂತ ನೀವೇ ಈಗ ತೋರಿಸಿದಿರಿ. ಅವರ ಕೈ ಕಟ್ಟಿತ್ತು, ನೀವು ಕಣ್ಣಿಗೆ ಕನ್ನಡಕ ಮಾರುತ್ತಿದ್ದಿರಿ.

ಹುಬ್ಬಳ್ಳಿಹುಡುಗ
ಹಾಗಾದರೆ ಮುಂಗಡ ಕೊಡುವ ಆ್ಯಪ್ ಮಾಡಿ. ಮುಚ್ಚೋದು ಯಾಕೆ?

ತೋಟದಾಚೆ
ಸಾಲ ಕೊಡಲು ದುಡ್ಡು ಬೇಕು, ಲೈಸೆನ್ಸ್ ಬೇಕು, ವಸೂಲಿಗೆ ಮನೆಬಾಗಿಲಿಗೆ ಹೋಗಬೇಕು. ನನ್ನಿಂದ ಆಗದು ಮಾರಾಯರೇ. ಮಂಡಿಯವರಿಗೆ ಬೆಳೆಗಾರನ ಅಜ್ಜನ ಕಾಲದಿಂದ ಗೊತ್ತಿರುತ್ತದೆ, ಯಾವ ತೋಟಕ್ಕೆ ಕೊಳೆ ಬಂದಿದೆ, ಯಾರು ತೀರಿಸುತ್ತಾರೆ ಅಂತ. ನನ್ನ ಹತ್ತಿರ ಇರುವುದು ಅವರ ಫೋನ್ ನಂಬರ್ ಮಾತ್ರ.

ಸಿಎ_ಕುಂದಾಪುರ
ಪೋಸ್ಟ್ ಯಾವಾಗ ಬೇಕಾದರೂ ಬರೆಯಿರಿ ಮಾರಾಯ್ರೆ, ಮೊದಲು ಈ ಕೆಲಸ ಮಾಡಿ. ಪ್ರೈವೇಟ್ ಲಿಮಿಟೆಡ್ ಅಲ್ವಾ ನಿಮ್ಮದು? ಆ್ಯಪ್ ಮುಚ್ಚಿದ ಕೂಡಲೇ ಕಂಪನಿ ಮುಚ್ಚುವುದಿಲ್ಲ. ಜಿಎಸ್‌ಟಿ ರದ್ದಿಗೆ REG-16 ಅರ್ಜಿ ಹಾಕಬೇಕು, ರದ್ದಾದ ಮೇಲೆ ಮೂರು ತಿಂಗಳೊಳಗೆ GSTR-10 ಅನ್ನುವ ಕೊನೆಯ ರಿಟರ್ನ್ ಕೊಡಬೇಕು. ಅದನ್ನು ಮರೆತು ದಂಡ ಕಟ್ಟಿದವರು ನನ್ನ ಹತ್ತಿರ ತುಂಬಾ ಜನ ಬರುತ್ತಾರೆ. ಕಂಪನಿ ಹೆಸರು ತೆಗೆಸಲು STK-2 ಅರ್ಜಿ, ಶುಲ್ಕ 10,000. ಆದರೆ ಕಂಪನಿ ಹಿಂದಿನ ಎರಡು ಹಣಕಾಸು ವರ್ಷ ಯಾವ ವ್ಯವಹಾರವನ್ನೂ ಮಾಡಿರಬಾರದು. ಅಲ್ಲಿಯವರೆಗೆ ವರ್ಷ ವರ್ಷ ರಿಟರ್ನ್ ಹಾಕಲೇಬೇಕು, ಆಡಿಟ್ ಮಾಡಿಸಲೇಬೇಕು. ಹಾಗಾಗಿ ಬ್ಯಾಂಕಿನಲ್ಲಿ ಇರುವ ಅಷ್ಟೂ ದುಡ್ಡನ್ನು ಖಾಲಿ ಮಾಡಬೇಡಿ.

ಮತ್ತೊಂದು, 73 ಜನರಲ್ಲಿ ಯಾರದ್ದಾದರೂ ವರ್ಷ ಮುಗಿಯದೆ ಇದ್ದರೆ ಉಳಿದ ತಿಂಗಳ ದುಡ್ಡು ಮೊದಲು ವಾಪಸ್ ಹಾಕಿ.

ತೋಟದಾಚೆ
31 ಜನರದ್ದು ಬಾಕಿ ಇದೆ. ಎಲ್ಲ ಸೇರಿ ಐದು ಸಾವಿರದೊಳಗೆ. ನಾಳೆ ಹಾಕುತ್ತೇನೆ. ಎರಡು ವರ್ಷದ ವಿಷಯ ಗೊತ್ತೇ ಇರಲಿಲ್ಲ ಸಾರ್.

ಬಸವನಗುಡಿ_ಬೈಟು
ಲಿಂಕ್ಡ್‌ಇನ್‌ನಲ್ಲಿ ಇಷ್ಟು ಬೆತ್ತಲೆಯಾಗಿ ಬರೆದರೆ ಮುಂದೆ ಕೆಲಸ ಹುಡುಕುವಾಗ ತೊಂದರೆ ಆಗಲ್ವಾ? ಅಪ್ರಮೇಯ ಅವರು ಟ್ಯಾಕ್ಸಿ ಫಾರ್ ಶೂರ್ ಕಟ್ಟಿ 2015ರಲ್ಲಿ 20 ಕೋಟಿ ಡಾಲರ್‌ಗೆ ಓಲಾಗೆ ಮಾರಿದವರು. ಅವರು ಸೋತೆ ಅಂದರೆ ಜನ ಚಪ್ಪಾಳೆ ತಟ್ಟುತ್ತಾರೆ. ನಾವು ಅಂದರೆ ಇವನಿಗೆ ಕೈಲಾಗಲಿಲ್ಲ ಅಂತಾರೆ.

ಲೆಕ್ಕದಪುಸ್ತಕ
ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಇರಬಹುದು. ಆದರೆ ನಾನು ಕೆಲಸಕ್ಕೆ ತೆಗೆದುಕೊಳ್ಳುವ ಜಾಗದಲ್ಲಿದ್ದರೆ ಆ 40 ಫೋನ್ ಕರೆ ಮಾಡಿದವನನ್ನು ಕರೆಯುತ್ತಿದ್ದೆ.

ಟೊರಾಂಟೊದಿಂದ
ಎಲ್ಲರೂ ನಿಮ್ಮ ಹಾಗೆ ಯೋಚಿಸಲ್ಲ ಸಾರ್. ಇಲ್ಲಿ ನನ್ನ ಮ್ಯಾನೇಜರ್ ‘ಕಾಲಕ್ಕಿಂತ ಮುಂದಿದ್ದೆವು’ ಅಂತ ಬರೆದವನನ್ನೇ ಕರೆಯುತ್ತಾನೆ.

ತೋಟದಾಚೆ
ಎರಡನೇ ಕರಡು. ಇದನ್ನೇ ಹಾಕುತ್ತಿದ್ದೇನೆ.

“ಅಡಿಕೆ ದರ ತಿಳಿಸುವ ಆ್ಯಪ್ ನಡೆಸಿದೆ, ಮುಚ್ಚುತ್ತಿದ್ದೇನೆ. 11,400 ಜನ ಇಳಿಸಿಕೊಂಡರು, 600 ಜನ ದಿನಾ ನೋಡಿದರು, 73 ಜನ ದುಡ್ಡು ಕೊಟ್ಟರು. ದರ ಗೊತ್ತಾದರೆ ಬೆಳೆಗಾರ ಒಳ್ಳೆಯ ದಿನ ನೋಡಿ ಮಾರುತ್ತಾನೆ ಅಂದುಕೊಂಡಿದ್ದೆ. ನಾನು ಮಾತಾಡಿಸಿದ ಬಹುತೇಕರು ಮುಂಗಡ ತಗೊಂಡ ಮಂಡಿಗೇ ಹಾಕುತ್ತಾರೆ. ಇದು ತಿಳಿಯಲು ಎರಡೂವರೆ ವರ್ಷ ಬೇಕಿರಲಿಲ್ಲ, ಮೊದಲ ತಿಂಗಳು ನಾಲ್ಕು ದಿನ ಮಂಡಿಯಲ್ಲಿ ಕೂತಿದ್ದರೆ ಸಾಕಿತ್ತು. ಹಳೆಯ ದರಗಳ ಪಟ್ಟಿ ಇಡೀ ಆ್ಯಪಿನಲ್ಲೇ ಇಳಿಸಿಕೊಳ್ಳಬಹುದು, ತಿಂಗಳ ಕೊನೆಯವರೆಗೆ.”

ಸಿಎ_ಕುಂದಾಪುರ
ದುಡ್ಡು ವಾಪಸ್ ಕೊಟ್ಟಿದ್ದೂ ಒಂದು ಸಾಲು ಸೇರಿಸಿ.

ಹುಬ್ಬಳ್ಳಿಹುಡುಗ
ನಾಲ್ಕು ದಿನ ಕೂತರೆ ಮಂಡಿಯವರು ಮುಂಗಡದ ವಿಷಯ ನಿಮಗೆ ಹೇಳುತ್ತಿದ್ದರಾ? ಸುಮ್ನೆ ಬರೆದಿದ್ದೀರಿ.

ತೋಟದಾಚೆ
ಹ್ಞಾಂ, ಅದೂ ಹೌದು. ಆ ಸಾಲು ತೆಗೆಯುತ್ತೇನೆ.

ಶಾರದಕ್ಕ_ದಾವಣಗೆರೆ
ಇಮೇಲ್ ಹಾಕಿದ್ದು ವಾಪಸ್ ಬಂತು, ವಿಳಾಸವೇ ಇಲ್ಲವಂತೆ. ನೆನಪಿದ್ದಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಕೂತಿದ್ದೇನೆ. ನಲವತ್ತೊಂದು ಆಯಿತು.